ಪೇದೆಯ ಮುಂದಿನ ಖಾಲಿ ಮನೆ: ಚೆಸ್‌ನಲ್ಲಿ ಒಂಟಿ, ಜೋಡಿ ಮತ್ತು ಹಿಂದುಳಿದ ಪೇದೆಗಳು

2025ರ ನವೆಂಬರ್‌ನಲ್ಲಿ ಗೋವಾದಲ್ಲಿ ಚೆಸ್ ವಿಶ್ವಕಪ್ ನಡೆಯಿತು. 206 ಆಟಗಾರರು ಬಂದಿದ್ದರು. ಕಪ್ ಗೆದ್ದದ್ದು ಉಜ್ಬೇಕಿಸ್ತಾನದ ಜಾವೊಖಿರ್ ಸಿಂದರೊವ್. ಅದಕ್ಕೆ ನಾಲ್ಕು ತಿಂಗಳ ಹಿಂದೆ ನಾಗಪುರದ ದಿವ್ಯಾ ದೇಶಮುಖ್ ಮಹಿಳೆಯರ ವಿಶ್ವಕಪ್ ಗೆದ್ದಿದ್ದರು. ಇವೆರಡೂ ಸೇರಿ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಏನಾಯಿತು ಅಂದರೆ, ದೀಪಾವಳಿ ರಜೆ ಮುಗಿದರೂ ಮಕ್ಕಳು ಚೆಸ್ ಬೋರ್ಡ್ ಕೆಳಗಿಡಲಿಲ್ಲ. ಭಾನುವಾರ ಬಂದರೆ ಥಾಣೆಯಲ್ಲೋ ಕಲ್ಯಾಣದಲ್ಲೋ ಒಂದು ಟೂರ್ನಮೆಂಟ್ ಇದ್ದೇ ಇರುತ್ತದೆ. ಅಪ್ಪ ಅಮ್ಮ ಹಾಲ್‌ನ ಹೊರಗೆ ಚಹಾ ಕುಡಿಯುತ್ತಾ ಕಾಯುತ್ತಾರೆ.

ಕೆಳಗಿನ ಮಹಡಿಯ ಧಾರವಾಡದವರೊಬ್ಬರು ಒಂದು ಸಂಜೆ ಲಿಫ್ಟಿನ ಹತ್ತಿರ ನಿಲ್ಲಿಸಿ ಕೇಳಿದರು. "ಮಗ ಆಟ ಸೋತು ಬಂದಾನ್ರಿ. ನಿನ್ನ ಐಸೋಲೇಟೆಡ್ ಪಾನ್ ವೀಕ್ ಇತ್ತು ಅಂತ ಕೋಚ್ ಹೇಳ್ಯಾರಂತ. ಬರೆದುಕೊಂಡು ಬಂದಿದ್ದನ್ನ ನಾನೂ ನೋಡಿದೆ. ಆ ಪಾನ್ ಕೊನೀತನಕ ಹೊಡಿಸಿಕೊಂಡೇ ಇಲ್ಲ. ಮತ್ತ ವೀಕ್ ಹೆಂಗಾತು?"

ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಕಾಮೆಂಟರಿಯಲ್ಲಿ ಕೇಳುವ ಅರ್ಧ ಮಾತುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಲಿಫ್ಟಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಯುವ ಉತ್ತರ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

## ಮೊದಲು ಹೆಸರುಗಳು

ಮಕ್ಕಳು ಪಾನ್ ಅನ್ನುತ್ತಾರೆ. ಇಲ್ಲಿನ ಮರಾಠಿಯವರಿಗೆ ಅದು ಪ್ಯಾದಂ. ನಮ್ಮಲ್ಲಿ ಕಾಲಾಳು, ಸೈನಿಕ, ಪೇದೆ ಅಂತೆಲ್ಲ ಇದೆ. ನಾನು ಪೇದೆ ಅನ್ನುತ್ತೇನೆ, ಮರಾಠಿ ಮಾತಿಗೂ ಹತ್ತಿರವಿದೆ. ಉಳಿದಂತೆ ಕುದುರೆ, ಒಂಟೆ, ಆನೆ, ಮಂತ್ರಿ, ರಾಜ. ಮೂಲೆಯಲ್ಲಿ ನಿಲ್ಲುವುದು ಆನೆ, ಓರೆಯಾಗಿ ಓಡುವುದು ಒಂಟೆ.

ಬೋರ್ಡಿನ ಅಂಚಿನಲ್ಲಿ ಎಡದಿಂದ ಬಲಕ್ಕೆ a ಯಿಂದ h ತನಕ ಅಕ್ಷರ ಬರೆದಿರುತ್ತದೆ. ಕೆಳಗಿನಿಂದ ಮೇಲಕ್ಕೆ 1ರಿಂದ 8. ಎರಡನ್ನೂ ಸೇರಿಸಿದರೆ ಮನೆಯ ಹೆಸರು. d ಅಕ್ಷರದ ನೇರಕ್ಕೆ ನಾಲ್ಕನೆಯ ಮನೆ d4. ಒಂದು ಅಕ್ಷರದ ನೇರಕ್ಕೆ ಇರುವ ಎಂಟು ಮನೆಗಳನ್ನು ಆಟಗಾರರು ಫೈಲ್ ಅನ್ನುತ್ತಾರೆ. ನಾವು ಓಣಿ ಅನ್ನೋಣ. ಬಿಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಕಪ್ಪು ಮೇಲಿನಿಂದ ಕೆಳಕ್ಕೆ.

ಪೇದೆಯ ನಿಯಮ ಎಲ್ಲರಿಗೂ ಗೊತ್ತು. ನೇರ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್‌ನಲ್ಲಿ ಒಳಗೆ ಸರಿದವರ ಹಾಗೆ, ಮುಂದಕ್ಕೆ ಹೋದರೆ ಹೋದ ಹಾಗೇ. ಕುದುರೆಯನ್ನು ತಪ್ಪು ಜಾಗಕ್ಕೆ ಇಟ್ಟರೆ ಮುಂದಿನ ನಡೆಯಲ್ಲಿ ವಾಪಸ್ ತರಬಹುದು. ಪೇದೆಯನ್ನು ತರಲು ಆಗದು. ಅದಕ್ಕೇ ಪೇದೆಗಳು ನಿಂತಿರುವ ರೀತಿ ಇಪ್ಪತ್ತು ಮೂವತ್ತು ನಡೆಗಳ ತನಕ ಹಾಗೇ ಉಳಿಯುತ್ತದೆ. ಉಳಿದ ಕಾಯಿಗಳು ಅದರ ಸುತ್ತ ಸಂಸಾರ ಮಾಡಬೇಕು. ಈ ನಿಂತಿರುವ ರೀತಿಗೇ ಪಾನ್ ಸ್ಟ್ರಕ್ಚರ್ ಅನ್ನುವುದು.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಪೇದೆ ತನ್ನ ಮುಂದಿನ ಎರಡು ಓರೆ ಮನೆಗಳನ್ನು ಕಾಯುತ್ತದೆ. ಆದರೆ ತನ್ನ ಮೂಗಿನ ನೇರಕ್ಕೆ ಇರುವ ಮನೆಯ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ. ಅಲ್ಲಿ ಶತ್ರು ಬಂದು ಕೂತರೆ ಹೊಡೆಯಲೂ ಆಗದು, ಮುಂದೆ ಹೋಗಲೂ ಆಗದು. ಅವನನ್ನು ಅಲ್ಲಿಂದ ಓಡಿಸಬಲ್ಲ ಪೇದೆ ಅಂದರೆ ಪಕ್ಕದ ಓಣಿಯದು ಮಾತ್ರ.

ಪೇದೆಯೇ ಯಾಕೆ ಓಡಿಸಬೇಕು? ಅದು ಎಲ್ಲಕ್ಕಿಂತ ಅಗ್ಗ, ಅದಕ್ಕೆ. ಲೆಕ್ಕಕ್ಕೆ ಪೇದೆ 1, ಕುದುರೆ ಮತ್ತು ಒಂಟೆ 3, ಆನೆ 5, ಮಂತ್ರಿ 9 ಅಂತ ಹಿಡಿಯುತ್ತಾರೆ. ಪೇದೆ ಮೇಲೆ ಬಂದರೆ ಕುದುರೆ ಜಾಗ ಖಾಲಿ ಮಾಡಲೇಬೇಕು, ಒಂದಕ್ಕೆ ಮೂರು ಕೊಡಲು ಯಾರಿಗೂ ಮನಸ್ಸಿಲ್ಲ. ಆನೆ ಬಂದರೆ ಕುದುರೆ ಹೆದರುವುದಿಲ್ಲ. ಹಿಂದೆ ಒಂದು ಕಾವಲು ಇದ್ದರೆ ಸಾಕು, ಹೊಡಿ ನೋಡೋಣ ಅಂತ ಕೂತೇ ಇರುತ್ತದೆ.

ಮುಂದೆ ಬರುವ ಮೂರೂ ಪೇದೆಗಳ ಕತೆ ಹುಟ್ಟುವುದು ಇಲ್ಲಿಂದಲೇ.

## ಒಂಟಿ ಪೇದೆ

ಪಕ್ಕದ ಎರಡೂ ಓಣಿಗಳಲ್ಲಿ ತನ್ನ ಕಡೆಯ ಪೇದೆ ಇಲ್ಲದಿದ್ದರೆ ಅದು ಒಂಟಿ ಪೇದೆ, ಅಂದರೆ ಐಸೋಲೇಟೆಡ್. ಇವುಗಳಲ್ಲಿ ಜಾಸ್ತಿ ಮಾತಿಗೆ ಬರುವುದು d ಓಣಿಯದು.

ಅದು ಹುಟ್ಟುವುದು ಹೀಗೆ. ಬಿಳಿಗೆ c4, d4, e3ರಲ್ಲಿ ಪೇದೆಗಳಿವೆ. ಕಪ್ಪಿನ d5 ಪೇದೆ c4ನ್ನು ಹೊಡೆಯುತ್ತದೆ, ಬಿಳಿಯ ಒಂಟೆ ಅದನ್ನು ತಿರುಗಿ ಹೊಡೆಯುತ್ತದೆ. ಆಮೇಲೆ ಕಪ್ಪಿನ c5 ಪೇದೆ d4ನ್ನು ಹೊಡೆಯುತ್ತದೆ, ಬಿಳಿಯ e3 ಪೇದೆ ಓರೆಯಾಗಿ d4ಕ್ಕೆ ಬಂದು ಅದನ್ನು ಹೊಡೆಯುತ್ತದೆ. ಈಗ ನೋಡಿ: ಬಿಳಿಗೆ c ಓಣಿಯಲ್ಲಿ ಪೇದೆ ಇಲ್ಲ, e ಓಣಿಯಲ್ಲೂ ಇಲ್ಲ. ನಡುವೆ d4ರಲ್ಲಿ ಒಂದೇ ಒಂದು. ಅಕ್ಕಪಕ್ಕದ ಚಾಳುಗಳನ್ನೆಲ್ಲ ಕೆಡವಿದ ಮೇಲೆ ಉಳಿದ ಒಂದು ಕಟ್ಟಡದ ಹಾಗೆ.

ಆ ಕಟ್ಟಡದಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತದೆ, ಅದನ್ನೂ ಹೇಳಬೇಕು. ಬಿಳಿಯ ಆನೆಗಳಿಗೆ c ಮತ್ತು e ಓಣಿಗಳು ತೆರೆದಿವೆ. ಎರಡೂ ಒಂಟೆಗಳಿಗೆ ದಾರಿ ಇದೆ. d4 ಪೇದೆ e5 ಮನೆಯನ್ನು ಕಾಯುತ್ತದೆ, ಅಲ್ಲಿ ಕುದುರೆ ಇಟ್ಟರೆ ಅದು ಕಪ್ಪಿನ ರಾಜನ ಕಡೆ ಕಣ್ಣು ಹಾಕುತ್ತದೆ. ಸಮಯ ನೋಡಿ ಪೇದೆಯನ್ನು d5ಕ್ಕೆ ತಳ್ಳಿದರೆ ಎಲ್ಲ ಕಾಯಿಗಳಿಗೂ ಒಟ್ಟಿಗೆ ದಾರಿ ಬಿಡುತ್ತದೆ.

ತೊಂದರೆ ಇರುವುದು d5 ಮನೆಯಲ್ಲಿ. ಬಿಳಿಗೆ c, e ಓಣಿಗಳಲ್ಲಿ ಪೇದೆ ಇಲ್ಲ. ಹಾಗಾಗಿ d5ರಲ್ಲಿ ಕಪ್ಪಿನ ಕುದುರೆ ಬಂದು ಕೂತರೆ ಅದನ್ನು ಯಾವ ಪೇದೆಯೂ ಓಡಿಸಲಾರದು. ಕುದುರೆಗೆ ಮುಂದೆ ಅಡ್ಡ ಇದ್ದರೂ ಬಾಧಕವಿಲ್ಲ, ಅದು ಹಾರುವ ಕಾಯಿ. ಅದಕ್ಕೇ ಅಡ್ಡಗಟ್ಟಲು ಕುದುರೆಯೇ ಎಲ್ಲಕ್ಕಿಂತ ಸೂಕ್ತ. ಒಂಟೆಯೋ ಮಂತ್ರಿಯೋ ಅಲ್ಲಿ ಕಾವಲು ಕೂತರೆ ಅವುಗಳ ದುಡಿಮೆ ವ್ಯರ್ಥ.

ಇಷ್ಟು ತಿಳಿದರೆ ಎರಡೂ ಕಡೆಯವರ ಯೋಜನೆ ಗೊತ್ತಾಗುತ್ತದೆ. ಒಂಟಿ ಪೇದೆ ಇರುವವರು ಕಾಯಿಗಳನ್ನು ಬೋರ್ಡಿನ ಮೇಲೇ ಉಳಿಸಿಕೊಂಡು ರಾಜನ ಮೇಲೆ ನುಗ್ಗಬೇಕು, ಇಲ್ಲವೇ d5 ತಳ್ಳಬೇಕು. ಎದುರಿನವರು d5ನ್ನು ಹಿಡಿದು, ಕುದುರೆ ಒಂಟೆಗಳನ್ನು ಒಂದೊಂದಾಗಿ ಅದಲು ಬದಲು ಮಾಡಿಕೊಳ್ಳುತ್ತಾ ಹೋಗಬೇಕು. ಕಾಯಿ ಕಡಿಮೆಯಾದಷ್ಟೂ ದಾಳಿಯ ಬಲ ತಗ್ಗುತ್ತದೆ. ಪೇದೆಯನ್ನು ಕಾಯುವ ಹೊರೆ ಮಾತ್ರ ಹಾಗೇ ಉಳಿಯುತ್ತದೆ.

## ಪೇದೆ ಒಂದೇ, ಆಟ ಎರಡು

ಬಾಯಿ ಮಾತಿಗಿಂತ ಎರಡು ಆಟ ನೋಡುವುದು ಒಳ್ಳೆಯದು. ಎರಡರಲ್ಲೂ ಬಿಳಿಗೆ d4ರಲ್ಲಿ ಒಂಟಿ ಪೇದೆ. ಎರಡರಲ್ಲೂ ಅದು ಹತ್ತನೇ ನಡೆಯ ಹೊತ್ತಿಗೆ ಹುಟ್ಟಿತು.

ಮೊದಲನೆಯದು 1936, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಬಿಳಿ ಮಿಖಾಯಿಲ್ ಬೋಟ್ವಿನ್ನಿಕ್, ಕಪ್ಪು ಮಿಲಾನ್ ವಿದ್ಮಾರ್. ವಿದ್ಮಾರ್ d5ರಲ್ಲಿ ಕುದುರೆ ಕೂರಿಸಿದರು, e6ರ ಪೇದೆ ಅದಕ್ಕೆ ಬೆನ್ನಿಗೆ ನಿಂತಿತ್ತು. ಅಲ್ಲಿಗೆ ಎಲ್ಲ ಸರಿಯೇ. ಆದರೆ ಬೋಟ್ವಿನ್ನಿಕ್ ಹತ್ತಿರ ಇನ್ನೂ ಎರಡು ಒಂಟೆ ಮತ್ತು e5ರ ಕುದುರೆ ಇದ್ದವು. ಮಂತ್ರಿಯನ್ನು h3ಕ್ಕೆ ತಂದರು. 17ನೇ ನಡೆಯಲ್ಲಿ f ಪೇದೆಯನ್ನು f4ಕ್ಕೆ, 18ರಲ್ಲಿ f5ಕ್ಕೆ ತಳ್ಳಿದರು. ವಿದ್ಮಾರ್ e6 ಪೇದೆಯಿಂದ ಅದನ್ನು ಹೊಡೆದರು. d5ರ ಕುದುರೆಯ ಬೆನ್ನಿಗಿದ್ದ ಪೇದೆ ಅಲ್ಲಿಗೆ ಹೋಯಿತು. 20ನೇ ನಡೆಯಲ್ಲಿ ಬಿಳಿಯ ಕುದುರೆ f7ಕ್ಕೆ ನುಗ್ಗಿತು, 22ರಲ್ಲಿ ಆನೆ d5ರ ಕುದುರೆಯನ್ನೇ ತಿಂದಿತು. 24ನೇ ನಡೆಗೆ ವಿದ್ಮಾರ್ ಆಟ ಬಿಟ್ಟರು. ಒಂಟಿ ಪೇದೆ d4 ಬಿಟ್ಟು ಕದಲಲೇ ಇಲ್ಲ. e5ರ ಕುದುರೆಗೆ ನೆಲೆ ಕೊಟ್ಟಿತು, ಅಷ್ಟೇ ಸಾಕಾಯಿತು.

ಎರಡನೆಯದು 1981, ಇಟಲಿಯ ಮೆರಾನೊ. ವಿಶ್ವ ಚಾಂಪಿಯನ್‌ಶಿಪ್‌ನ ಒಂಬತ್ತನೇ ಆಟ. ಬಿಳಿ ವಿಕ್ಟರ್ ಕೊರ್ಚ್‌ನೊಯ್, ಕಪ್ಪು ಅನತೊಲಿ ಕಾರ್ಪೊವ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಕೆಳಗಿನ ಮಹಡಿಯವರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಪೇದೆ ಒಂಟಿಯಾದ ಮರುನಡೆಯಲ್ಲೇ, ಅಂದರೆ 11ರಲ್ಲಿ, ಕಾರ್ಪೊವ್ ಕುದುರೆಯನ್ನು ಅಂಚಿನ h5ಕ್ಕೆ ಇಟ್ಟರು. ಅಂಚಿಗೆ ಕುದುರೆ ಇಡಬೇಡ ಅಂತ ಮಕ್ಕಳಿಗೆ ಹೇಳುತ್ತೇವೆ. ಇಲ್ಲಿ ಅದರ ಕೆಲಸ ಬೇರೆ ಇತ್ತು, h4ರಲ್ಲಿದ್ದ ಬಿಳಿಯ ಒಂಟೆಯನ್ನು ಬದಲಿಗೆ ಎಳೆಯುವುದು. 12ನೇ ನಡೆಯಲ್ಲಿ ಒಂಟೆಗೆ ಒಂಟೆ ಹೋಯಿತು. 16ರಲ್ಲಿ ಕೊರ್ಚ್‌ನೊಯ್ ಒಂದು ಕುದುರೆಯನ್ನು e4ಕ್ಕೆ ತಂದರು, ಅದೂ ಬದಲಾಯಿತು. ನನ್ನ ಕಣ್ಣಿಗೆ ಇದು ಕಾರ್ಪೊವ್‌ಗೆ ತಾನಾಗಿ ಕೊಟ್ಟ ಉಡುಗೊರೆ. 18ರಲ್ಲಿ ಇನ್ನೊಂದು ಕುದುರೆಗೆ ಒಂಟೆ ಹೋಯಿತು. ಬಿಳಿಗೆ ಉಳಿದದ್ದು b3ರ ಒಂಟೆ, ಕಪ್ಪಿಗೆ e7ರ ಕುದುರೆ. ಬೋಟ್ವಿನ್ನಿಕ್ ಇದೇ ಹೊತ್ತಿಗೆ ಮೂರು ಕಾಯಿ ಇಟ್ಟುಕೊಂಡು ನುಗ್ಗಿದ್ದರು. ಕೊರ್ಚ್‌ನೊಯ್ ಹತ್ತಿರ ನುಗ್ಗಲು ಏನೂ ಇರಲಿಲ್ಲ.

ಆಮೇಲೆ ಕಾವಲಿನ ಕೆಲಸ ಶುರುವಾಯಿತು. ಕಾರ್ಪೊವ್‌ನ ಎರಡೂ ಆನೆಗಳು d ಓಣಿಗೆ ಬಂದವು. d4ನ್ನು ಕಾಯಲು ಬಿಳಿಯ ಎರಡೂ ಆನೆಗಳು d1, d3ರಲ್ಲಿ ನಿಲ್ಲಬೇಕಾಯಿತು. 25ನೇ ನಡೆಯಲ್ಲಿ ಕುದುರೆ d5ಕ್ಕೆ ಬಂತು. ಕೊರ್ಚ್‌ನೊಯ್ ಅದನ್ನು ಒಂಟೆಯಿಂದ ಹೊಡೆದರು. ಇಲ್ಲಿ ನಮ್ಮ ಮಕ್ಕಳು ತಪ್ಪದೇ ಎಡವುವ ಒಂದು ಜಾಗ ಇದೆ. ತಿರುಗಿ ಯಾವುದರಿಂದ ಹೊಡೆಯಬೇಕು? e6 ಪೇದೆಯಿಂದ ಹೊಡೆದರೆ ಕಪ್ಪಿನ ಪೇದೆ d5ಕ್ಕೆ ಬರುತ್ತದೆ, d4ರ ಎದುರು ಗೋಡೆ ಎದ್ದ ಹಾಗೆ. ಓಣಿ ಮುಚ್ಚಿತು, ಆನೆಗಳಿಗೆ d4 ಕಾಣುವುದೇ ಇಲ್ಲ. ಅಲ್ಲಿಯ ತನಕ ಪಟ್ಟ ಶ್ರಮ ನೀರಿನಲ್ಲಿ ಹೋಮ. ಕಾರ್ಪೊವ್ ಆನೆಯಿಂದ ಹೊಡೆದರು. ಈಗ d5ರಲ್ಲಿ ಆನೆ, ಅದರ ಹಿಂದೆ d8ರಲ್ಲಿ ಇನ್ನೊಂದು. 29ನೇ ನಡೆಯಲ್ಲಿ ಮಂತ್ರಿ d7ಕ್ಕೆ ಬಂದು ನಡುವೆ ಸೇರಿತು. ಒಂದೇ ಓಣಿಯಲ್ಲಿ ಮೂರು ಭಾರಿ ಕಾಯಿ.

ಇಷ್ಟಾದರೂ d4ನ್ನು ಹೊಡೆದರೆ ಲಾಭವಿರಲಿಲ್ಲ. ಆದರೆ ಕಾರ್ಪೊವ್ ಹತ್ತಿರ e6 ಪೇದೆಯನ್ನು e5ಕ್ಕೆ ತಳ್ಳುವ ದಾರಿ ಇತ್ತು. ಆಗ d4 ಪೇದೆ ಅದನ್ನು ಹೊಡೆದರೆ d ಓಣಿ ತೆರೆಯುತ್ತದೆ, ಹಿಂದಿದ್ದ d1ರ ಆನೆಯನ್ನು ಕಪ್ಪಿನ ಆನೆ ಚೆಕ್ ಕೊಡುತ್ತಾ ತಿನ್ನುತ್ತದೆ. ಹೀಗೆ ಹಿಂದಿರುವ ಕಾಯಿಯ ಭಯಕ್ಕೆ ಮುಂದಿನದು ಅಲ್ಲಾಡದಂತೆ ಸಿಕ್ಕಿಕೊಳ್ಳುವುದಕ್ಕೆ ಪಿನ್ ಅನ್ನುತ್ತಾರೆ. ಅದನ್ನು ತಡೆಯಲು ಕೊರ್ಚ್‌ನೊಯ್ 30ನೇ ನಡೆಯಲ್ಲಿ f ಪೇದೆಯನ್ನು f4ಕ್ಕೆ ತಳ್ಳಿ e5ಕ್ಕೆ ಕಾವಲು ಹಾಕಿದರು.

ಆ ಒಂದು ನಡೆಗೆ ಬಿಳಿಯ ರಾಜನ ಬಾಗಿಲು ತೆರೆಯಿತು. ಮೊದಲು g ಪೇದೆ g3ಕ್ಕೆ ಹೋಗಿಯಾಗಿತ್ತು, ಈಗ f ಕೂಡ ಹೋಯಿತು. ಪೇದೆ ಹಿಂದಕ್ಕೆ ಬರುವುದಿಲ್ಲ ಅಲ್ವಾ? ಕಾರ್ಪೊವ್ ಅವಸರ ಮಾಡಲಿಲ್ಲ. ಮಂತ್ರಿಯ ಕಡೆ b ಪೇದೆ ತಳ್ಳಿ ಬಿಳಿಯ ಒಂದು ಆನೆಯನ್ನು a ಓಣಿಗೆ ಎಳೆದರು. ಬಿಳಿಯ ಮಂತ್ರಿಯೂ ಆ ಕಡೆ ಸರಿಯಿತು. ಆಮೇಲೆ 35ರಲ್ಲಿ e5 ತಳ್ಳಿಯೇಬಿಟ್ಟರು. ಬಿಳಿಯ f ಪೇದೆ ಅದನ್ನು ಹೊಡೆಯಿತು, ಕಪ್ಪಿನ ಆನೆ e5ಕ್ಕೆ ಬಂದು ತಿರುಗಿ ಹೊಡೆಯಿತು. 38ನೇ ನಡೆಯಲ್ಲಿ d4 ಪೇದೆ e5ರ ಆನೆಯನ್ನು ಹೊಡೆಯಿತು, ಕಪ್ಪಿನ ಇನ್ನೊಂದು ಆನೆ ತೆರೆದ ಓಣಿಯಲ್ಲಿ ಇಳಿದು d2ರ ಆನೆಯನ್ನು ತಿಂದು ಬಿಳಿ ರಾಜನ ಮುಂದಿನ ಸಾಲಿಗೇ ಬಂದು ಕೂತಿತು. 43ರಲ್ಲಿ ಮಂತ್ರಿ d5ಕ್ಕೆ ಬಂದು ರಾಜನಿಗೂ a8ರ ಆನೆಗೂ ಒಂದೇ ಏಟು ಹಾಕಿತು. ಕೊರ್ಚ್‌ನೊಯ್ ಸೋಲೊಪ್ಪಿದರು.

ಈಗ ಪೇದೆಗಳನ್ನು ಎಣಿಸಿ ನೋಡಿ. ಆ ಒಂಟಿ ಪೇದೆಯನ್ನು ಕಾರ್ಪೊವ್ ಹೊಡೆಯಲೇ ಇಲ್ಲ. ಆಟ ಮುಗಿದಾಗ ಅದು e5ರಲ್ಲಿ ಗಟ್ಟಿಯಾಗಿ ನಿಂತಿತ್ತು. ಅದನ್ನು ಕಾಯಲು ಹೋದ ಆನೆಗಳು, ಮಂತ್ರಿ, ಕೊನೆಗೆ f ಪೇದೆ, ಇವೆಲ್ಲ ತಮ್ಮ ಕೆಲಸ ಬಿಟ್ಟು ಕಾವಲು ಕೂತವು. ಸೋತದ್ದು ಹಾಗೆ. ವೀಕ್ ಅಂದರೆ ಕಳೆದುಹೋಗುವ ಪೇದೆ ಅಂತ ಅಲ್ಲ. ಬೇರೆಯವರನ್ನು ಮನೆಯಲ್ಲೇ ಕೂರಿಸುವ ಪೇದೆ ಅಂತ. ಕೆಳಗಿನ ಮಹಡಿಯವರಿಗೆ ಇಷ್ಟು ಹೇಳಿದಾಗ ಅವರು, "ಅಂದ್ರ ನಮ್ಮ ಊರಿನ ಹಳೇ ಮನಿ ಇದ್ದಂಗ ಬಿಡ್ರಿ" ಅಂದರು. ಕಾಯಲು ಆಗಾಗ ರಜೆ ಹಾಕಿ ಹೋಗುತ್ತಾರೆ, ಮಾರಲು ಮನಸ್ಸು ಬರುತ್ತಿಲ್ಲ.

## ಜೋಡಿ ಪೇದೆ

ಒಂದೇ ಓಣಿಯಲ್ಲಿ ಒಬ್ಬರದೇ ಎರಡು ಪೇದೆ ಬಂದರೆ ಅದು ಜೋಡಿ ಪೇದೆ, ಡಬಲ್ಡ್. ಪೇದೆ ಓರೆಯಾಗಿ ಹೊಡೆದು ಪಕ್ಕದ ಓಣಿಗೆ ಹೋದಾಗ ಇದು ಆಗುತ್ತದೆ. ನಮ್ಮ ಸ್ಟೇಷನ್ ಪಕ್ಕದ ಗಲ್ಲಿಯಲ್ಲಿ ಎರಡು ರಿಕ್ಷಾ ಒಂದರ ಹಿಂದೆ ಒಂದು ಸಿಕ್ಕಿಕೊಂಡ ಹಾಗೆ. ಮುಂದಿನದು ಸರಿಯುವ ತನಕ ಹಿಂದಿನದಕ್ಕೆ ದಾರಿ ಇಲ್ಲ.

ಶಾಲೆ ಮಕ್ಕಳ ಆಟದಲ್ಲಿ ಇದು ಜಾಸ್ತಿ ಕಾಣುವುದು ಸ್ಪ್ಯಾನಿಷ್ ಆರಂಭದ ಎಕ್ಸ್‌ಚೇಂಜ್ ದಾರಿಯಲ್ಲಿ. ನಡೆಗಳು ಹೀಗಿವೆ:

```
1.e4 e5 2.Nf3 Nc6 3.Bb5 a6 4.Bxc6 dxc6
```

ಇದರಲ್ಲಿ N ಅಂದರೆ ಕುದುರೆ, B ಅಂದರೆ ಒಂಟೆ, x ಅಂದರೆ ಹೊಡೆತ. ಬಿಳಿ ಒಂಟೆ ಕೊಟ್ಟು ಕುದುರೆ ತಿಂದಿತು. ಕಪ್ಪಿನ d ಪೇದೆ ತಿರುಗಿ ಹೊಡೆದು c6ಕ್ಕೆ ಬಂತು. c7, c6 ಎರಡೂ ಒಂದೇ ಓಣಿಯಲ್ಲಿ.

"ಮಧ್ಯದ ಕಡೆಗೆ ಹೊಡಿ" ಅಂತ ಕೋಚ್‌ಗಳು ಹೇಳುತ್ತಾರೆ. ಆ ಲೆಕ್ಕದಲ್ಲಿ b ಪೇದೆಯಿಂದ ಹೊಡೆಯಬೇಕಿತ್ತು. ಆದರೆ d ಪೇದೆಯಿಂದ ಹೊಡೆದರೆ ಮಂತ್ರಿಯ ಮುಂದಿನ ಓಣಿ ತೆರೆಯುತ್ತದೆ. ಬಿಳಿ ಆಸೆಪಟ್ಟು ಕುದುರೆಯಿಂದ e5 ಪೇದೆ ತಿಂದರೆ, ಕಪ್ಪಿನ ಮಂತ್ರಿ d4ಕ್ಕೆ ಬಂದು ಆ ಕುದುರೆಗೂ e4 ಪೇದೆಗೂ ಒಟ್ಟಿಗೆ ಗುರಿ ಇಡುತ್ತದೆ. ಕೊಟ್ಟ ಪೇದೆ ವಾಪಸ್ ಬಂತು. ನಿಯಮ ಬಾಯಿಪಾಠ ಮಾಡಿದ ಮಕ್ಕಳು ಇಲ್ಲಿ ತಡವರಿಸುತ್ತಾರೆ.

ಇನ್ನು ಬಿಳಿಗೆ ಇದರಿಂದ ಏನು ಲಾಭ? ಮುಂದೆ ಬಿಳಿ d4 ತಳ್ಳಿ, ಅದಕ್ಕೆ ಕಪ್ಪಿನ e ಪೇದೆ ಬದಲಾದರೆ ಲೆಕ್ಕ ಸಿಗುತ್ತದೆ. ಬಲಗಡೆ e, f, g, h ಓಣಿಗಳಲ್ಲಿ ಬಿಳಿಗೆ ನಾಲ್ಕು ಪೇದೆ, ಕಪ್ಪಿಗೆ ಮೂರು. ಎಡಗಡೆ ಕಪ್ಪಿಗೆ ನಾಲ್ಕು, ಬಿಳಿಗೆ ಮೂರು. ಒಟ್ಟು ಏಳಕ್ಕೆ ಏಳು, ಸಮ. ಆದರೆ ಬಿಳಿಯ ನಾಲ್ಕು ಪೇದೆಗಳು ನಾಲ್ಕು ಓಣಿಯಲ್ಲಿವೆ. ಒಂದಕ್ಕೊಂದು ಹೆಗಲು ಕೊಟ್ಟು ಮುಂದೆ ಬಂದು, ಮೂರನ್ನು ಬದಲಾಯಿಸಿ, ಒಂದನ್ನು ತಡೆಯಿಲ್ಲದೆ ಕೊನೆ ಮನೆಗೆ ಓಡಿಸಬಹುದು. ಕಪ್ಪಿನ ನಾಲ್ಕು ಪೇದೆಗಳಿಗೆ ಇರುವುದು ಮೂರೇ ಓಣಿ. ಬಿಳಿ ಅಲ್ಲಿ ಸುಮ್ನೆ ಕೆಣಕದೆ ನಿಂತರೆ, ಮೂರು ಪೇದೆಯೇ ನಾಲ್ಕನ್ನು ತಡೆದು ನಿಲ್ಲಿಸುತ್ತವೆ. ಅಂದರೆ ಆ ಕಡೆ ಕಪ್ಪು ಒಂದು ಪೇದೆ ಕಡಿಮೆ ಇದ್ದ ಹಾಗೆ. ಉಳಿದ ಕಾಯಿಗಳೆಲ್ಲ ಹೋಗಿ ರಾಜ ಮತ್ತು ಪೇದೆ ಮಾತ್ರ ಉಳಿದರೆ ಈ ಆಟ ಬಿಳಿಯದು.

ಹಾಗಾದರೆ ಕಪ್ಪು ಇದನ್ನು ಯಾಕೆ ಒಪ್ಪುತ್ತದೆ? ಎರಡು ಒಂಟೆ ಉಳಿದಿವೆ, ಓಣಿಗಳು ತೆರೆದಿವೆ. ಆಟದ ನಡುವೆ ಒಂಟೆ ಜೋಡಿಗೆ ಬಲ ಜಾಸ್ತಿ. ಹಾಗಾಗಿ ಬಿಳಿ ಕಾಯಿ ಬದಲಾಯಿಸುತ್ತಾ ಆಟ ಮುಗಿಸಲು ನೋಡುತ್ತದೆ, ಕಪ್ಪು ಒಂಟೆಗಳನ್ನು ಕೊಡದೆ ಕಾಯಿ ಉಳಿಸಿಕೊಳ್ಳುತ್ತದೆ. ಒಂಟಿ ಪೇದೆಯಲ್ಲಿ ನೋಡಿದ್ದೇ ಇದು. ಬಾಬಿ ಫಿಷರ್ 1966ರ ಹವಾನಾ ಒಲಿಂಪಿಯಾಡ್‌ನಲ್ಲಿ ಬಿಳಿಯಾಗಿ ಈ ದಾರಿ ಹಿಡಿದು ಗೆದ್ದ ಮೇಲೆ ಇದಕ್ಕೆ ಮತ್ತೆ ಮರ್ಯಾದೆ ಬಂತು.

ಬಿಳಿ ಕೆಡಿಸಿಕೊಳ್ಳುವುದು ಎಡಗಡೆ ಪೇದೆಗಳನ್ನು ಅವಸರದಲ್ಲಿ ತಳ್ಳಿ. ಅಲ್ಲಿ ಒಂದು ಪೇದೆ ಬದಲಾಗಿ ಕಪ್ಪಿನ c ಪೇದೆ ಓರೆಯಾಗಿ b ಗೋ d ಗೋ ಹೋಯಿತು ಅಂದರೆ ಸಿಕ್ಕಿಕೊಂಡ ರಿಕ್ಷಾ ಬಿಡಿಸಿಕೊಂಡ ಹಾಗೆ. ಜೋಡಿ ಇಲ್ಲ, ಲಾಭವೂ ಇಲ್ಲ.

## ಹಿಂದುಳಿದ ಪೇದೆ

ಮೂರನೆಯದು ಬ್ಯಾಕ್‌ವರ್ಡ್. ಪಕ್ಕದ ಪೇದೆಗಳು ಮುಂದೆ ಹೋಗಿವೆ ಅಥವಾ ಹೊಡೆಸಿಕೊಂಡಿವೆ. ಇದು ಹಿಂದೆ ಉಳಿದಿದೆ. ಬೆನ್ನಿಗೆ ಪೇದೆ ಇಲ್ಲ. ಮುಂದಿನ ಮನೆಯನ್ನು ಎದುರಾಳಿ ಕಾಯುತ್ತಿದ್ದಾನೆ, ಅಲ್ಲಿಗೆ ಕಾಲಿಟ್ಟರೆ ಪೆಟ್ಟು ಬೀಳುತ್ತದೆ. ಮನೆಯವರೆಲ್ಲ ಲೋಕಲ್ ಹತ್ತಿದ ಮೇಲೆ ಸೇತುವೆಯ ಮೆಟ್ಟಿಲ ಮೇಲೆ ಉಳಿದವರ ಸ್ಥಿತಿ.

ಇದನ್ನು ಕಾಣಬೇಕಾದರೆ ಸಿಸಿಲಿಯನ್ ಆರಂಭ ನೋಡಿ. ಅದರಲ್ಲಿ ಕಪ್ಪು c ಪೇದೆಯನ್ನು ಮೊದಲೇ ಬದಲಾಯಿಸುತ್ತದೆ. d ಪೇದೆ d6ರಲ್ಲಿ ಇರುತ್ತದೆ. ಆಮೇಲೆ e ಪೇದೆಯನ್ನು e5ಕ್ಕೆ ಇಟ್ಟರೆ d6 ಹಿಂದುಳಿಯಿತು. ಅದರ ಮುಂದಿನ d5 ಮನೆಗೆ ಕಪ್ಪಿನ ಯಾವ ಪೇದೆಯ ಕಾವಲೂ ಇಲ್ಲ. ಬಿಳಿಯ e4 ಪೇದೆ ಅದರ ಮೇಲೆ ಕೈ ಇಟ್ಟಿದೆ.

ಒಳ್ಳೆ ಆಟಗಾರರೂ ಬೇಕೆಂದೇ ಹೀಗೆ ಮಾಡಿಕೊಳ್ಳುತ್ತಾರೆ. e5ರ ಪೇದೆ ಬಿಳಿಯ ಕುದುರೆಯನ್ನು d4ರಿಂದ ಓಡಿಸುತ್ತದೆ, c ಓಣಿಯಲ್ಲಿ ಕಪ್ಪಿನ ಆನೆಗೆ ಕೆಲಸ ಇದೆ. ಒಂದು ದಿನ d5 ತಳ್ಳಿಯೇ ತಳ್ಳುತ್ತೇನೆ ಅನ್ನುವ ಲೆಕ್ಕವೂ ಇರುತ್ತದೆ. ತಳ್ಳಲು ಆದರೆ ಹಿಂದುಳಿದ ಪೇದೆ ಅನ್ನುವ ಮಾತೇ ಇಲ್ಲ. ಹಾಗಾಗಿ ಇಡೀ ಜಗಳ d5 ಮನೆಗಾಗಿ. ಕಪ್ಪು ಅದನ್ನು ಕಾಯುವುದು ಮುಖ್ಯವಾಗಿ f6ರ ಕುದುರೆ ಮತ್ತು e6ರ ಒಂಟೆಯಿಂದ. ಬಿಳಿ ಅವೆರಡನ್ನೂ ಬೋರ್ಡಿನಿಂದ ತೆಗೆಯಲು ನೋಡುತ್ತದೆ.

1945ರಲ್ಲಿ ಮಾಸ್ಕೋದಲ್ಲಿ ವಾಸಿಲಿ ಸ್ಮಿಸ್ಲೊವ್ ಬಿಳಿಯಾಗಿ ರುಡಕೊವ್ಸ್ಕಿ ಎದುರು ಅದನ್ನೇ ಮಾಡಿದರು. ಕಪ್ಪು 11ನೇ ನಡೆಯಲ್ಲಿ e5 ತಳ್ಳಿತು, 12ರಲ್ಲಿ ಒಂಟೆ e6ಕ್ಕೆ ಬಂತು. ಮುಂದಿನ ಐದು ನಡೆ ಇವು, Q ಅಂದರೆ ಮಂತ್ರಿ, R ಅಂದರೆ ಆನೆ:

```
13.f5 Bc4 14.Bxc4 Qxc4 15.Bg5 Rfe8
16.Bxf6 Bxf6 17.Nd5
```

f ಪೇದೆ f5ಕ್ಕೆ ಬಂದು e6ರ ಒಂಟೆಯನ್ನು ಅಲ್ಲಿಂದ ಎಬ್ಬಿಸಿತು. ಅದು c4ಕ್ಕೆ ಹೋಯಿತು, ಅಲ್ಲಿ ಬದಲಾಯಿತು. ಒಬ್ಬ ಕಾವಲುಗಾರ ಹೋದ. ಬಿಳಿಯ ಇನ್ನೊಂದು ಒಂಟೆ g5ಕ್ಕೆ ಬಂದು f6ರ ಕುದುರೆಯನ್ನು ತಿಂದಿತು. ಎರಡನೆಯವನೂ ಹೋದ. 17ರಲ್ಲಿ ಬಿಳಿಯ ಕುದುರೆ d5ಕ್ಕೆ ಬಂದು ಕೂತಿತು. ಕಪ್ಪಿಗೆ ಉಳಿದದ್ದು f6ರ ಒಂಟೆ. ಅದು ಓಡುವುದು ಕಪ್ಪು ಮನೆಗಳಲ್ಲಿ, d5 ಬಿಳಿ ಮನೆ. ಆ ಒಂಟೆ ನೂರು ನಡೆ ನಡೆದರೂ ಆ ಕುದುರೆಯನ್ನು ಮುಟ್ಟಲಾರದು.

ಸ್ಮಿಸ್ಲೊವ್ d6 ಪೇದೆಯನ್ನು ತಿನ್ನಲು ಮುಗಿಬೀಳಲಿಲ್ಲ. ಮಕ್ಕಳು ಇಲ್ಲಿ ಮುಗಿಬೀಳುತ್ತಾರೆ. d5ರ ಕುದುರೆಯಿಂದ ಏನೋ ಒಂದನ್ನು ಹೊಡೆದು, ಒಂದು ಪೇದೆ ಗೆದ್ದು, ಆ ಮನೆಯನ್ನು ಬಿಟ್ಟುಕೊಡುತ್ತಾರೆ. ಸ್ಮಿಸ್ಲೊವ್ ಕುದುರೆಯನ್ನು ನಡುವೆ ಕೂರಿಸಿಟ್ಟು, ಆನೆಯನ್ನು f3ಕ್ಕೆ ಎತ್ತಿದರು. 22ನೇ ನಡೆಯಲ್ಲಿ f ಪೇದೆಯನ್ನು f6ಕ್ಕೆ ನುಗ್ಗಿಸಿದರು, ಕಪ್ಪಿನ g ಪೇದೆ ಅದನ್ನು ಹೊಡೆಯಿತು, 23ರಲ್ಲಿ ಮಂತ್ರಿ h4ಕ್ಕೆ ಬಂತು. ಆಗಷ್ಟೇ ಕುದುರೆ d5 ಬಿಟ್ಟು f6ಕ್ಕೆ ಹಾರಿ ರಾಜನ ಬಾಗಿಲಿಗೆ ಬಂತು.

d5 ಖಾಲಿಯಾಯಿತು. 27ನೇ ನಡೆಯಲ್ಲಿ ರುಡಕೊವ್ಸ್ಕಿ ಅಷ್ಟು ಹೊತ್ತಿನಿಂದ ಹಿಂದುಳಿದಿದ್ದ d6 ಪೇದೆಯನ್ನು ಕೊನೆಗೂ d5ಕ್ಕೆ ತಳ್ಳಿದರು. 28ರಲ್ಲಿ ಸ್ಮಿಸ್ಲೊವ್ ಆನೆಯಿಂದ g7ರ ಆನೆಯನ್ನು ಹೊಡೆದರು. ರುಡಕೊವ್ಸ್ಕಿ ಅಲ್ಲಿಗೆ ಆಟ ಬಿಟ್ಟರು. ಪೇದೆ d5ರಲ್ಲೇ ಇತ್ತು.